ತೋಟದ ಹಣ್ಣು ಪುಕ್ಕಟೆಯಲ್ಲ

2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವಿಗೆ ಗಡಿ ಬಾಗಿಲು ಹಾಕಿತು. ಶ್ರೀನಿವಾಸಪುರದ ಮಾವಿಗೆ ಅದು ಸಣ್ಣ ಪೆಟ್ಟಲ್ಲ. ಬಾದಾಮಿ, ರಸಪುರಿ, ಮಲ್ಲಿಕಾ ಹಣ್ಣಾಗಿ ತಿನ್ನುವವರ ಮನೆ ಸೇರುತ್ತವೆ. ತೋತಾಪುರಿಯ ದೊಡ್ಡ ಪಾಲು ಹೋಗುವುದು ತಿರುಳು ತೆಗೆಯುವ ಫ್ಯಾಕ್ಟರಿಗೆ, ಆ ಫ್ಯಾಕ್ಟರಿಗಳಲ್ಲಿ ಹೆಚ್ಚಿನವು ಮುಳಬಾಗಿಲು ದಾಟಿದ ಮೇಲೆ ಸಿಗುವ ಆಂಧ್ರದ ಸೀಮೆಯಲ್ಲಿವೆ. ಆಂಧ್ರ ತನ್ನ ರೈತರಿಗೆ ಫ್ಯಾಕ್ಟರಿಯಿಂದ 8 ರೂಪಾಯಿ, ಸರ್ಕಾರದಿಂದ 4 ರೂಪಾಯಿ ಸೇರಿಸಿ ಕೆಜಿಗೆ 12 ರೂಪಾಯಿ ಸಿಗುವಂತೆ ಮಾಡಿತ್ತು. ಹೊರಗಿನ ಹಣ್ಣು ಬಂದರೆ ಆ ಲೆಕ್ಕ ಕೆಡುತ್ತದೆಂಬುದು ಅವರ ವಾದ. ಕೊನೆಗೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲಿಗೆ 1,616 ರೂಪಾಯಿ ಆಧಾರ ಬೆಲೆ ಇಟ್ಟು, ಕರ್ನಾಟಕದ 2.5 ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ಕೊರತೆಯ ಹಣ ಕೊಡಲು ಒಪ್ಪಿತು.

ಇಂಥ ಬೇಸಿಗೆ ಬಂದಾಗಲೆಲ್ಲ ತೋಟದ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ‘ಅವರ ಬಾಗಿಲಿಗೆ ಯಾಕೆ ಹೋಗಬೇಕು, ನಾವೇ ಒಂದು ಫ್ಯಾಕ್ಟರಿ ಹಾಕೋಣ.’ ಮಾತು ಕೆಟ್ಟದ್ದಲ್ಲ. ಆದರೆ ಅದು ಕಾಗದಕ್ಕೆ ಇಳಿಯುವಾಗ ಮೂರು ಕಡೆ ಎಡವುತ್ತದೆ. ಆಗಲೇ ಖರ್ಚಾಗಿ ಹೋದ ದುಡ್ಡನ್ನು ಹೊಸ ಯೋಜನೆಯ ತಲೆಗೆ ಕಟ್ಟುತ್ತಾರೆ. ಸ್ವಂತದ್ದು ಎಂಬ ಕಾರಣಕ್ಕೆ ಶೆಡ್ಡನ್ನೂ ಹಣ್ಣನ್ನೂ ಪುಕ್ಕಟೆ ಎಂದುಕೊಳ್ಳುತ್ತಾರೆ. ಹೇಗೂ ಆಗುವ ಆಫೀಸ್ ಖರ್ಚಿನಲ್ಲಿ ಒಂದು ಪಾಲನ್ನು ಹೊಸ ಯೋಜನೆಗೆ ಹಂಚುತ್ತಾರೆ. ಮೂರರಲ್ಲಿ ಎರಡು ತಪ್ಪು ಒಳ್ಳೆಯ ಯೋಜನೆಯನ್ನು ಕೆಟ್ಟದ್ದಾಗಿ ತೋರಿಸುತ್ತವೆ, ಒಂದು ಕೆಟ್ಟ ಯೋಜನೆಯನ್ನು ಒಳ್ಳೆಯದಾಗಿ ತೋರಿಸುತ್ತದೆ. ಮೂರೂ ಒಟ್ಟಿಗೆ ಸೇರಿದರೆ ಒಂದನ್ನೊಂದು ಮುಚ್ಚಿಕೊಂಡು, ಕೊನೆಯ ಅಂಕಿ ನೋಡಲು ಸಭ್ಯವಾಗಿಯೇ ಇರುತ್ತದೆ.

ಒಂದು ಕುಟುಂಬವನ್ನು ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳೋಣ. ಅಂಕಿಗಳು ನಾನು ಹಿಡಿದವು, ಸನ್ನಿವೇಶ ಮಾತ್ರ ಕೋಲಾರ ಜಿಲ್ಲೆಯಲ್ಲಿ ಯಾರಿಗೂ ಹೊಸದಲ್ಲ. ಅಣ್ಣನಿಗೆ ಶ್ರೀನಿವಾಸಪುರದ ಹತ್ತಿರ 30 ಎಕರೆ ತೋತಾಪುರಿ ತೋಟ, ವರ್ಷಕ್ಕೆ 150 ಟನ್ ಹಣ್ಣು. ತಮ್ಮ ನೋಡಿಕೊಳ್ಳುವುದು ಮುಳಬಾಗಿಲಿನ ಹಾರ್ಡ್‌ವೇರ್ ಅಂಗಡಿ ಮತ್ತು ಎರಡು ಲಾರಿ. ಅಪ್ಪನ ಕಾಲದಲ್ಲಿ ಮಾಲೂರಿನಲ್ಲಿ ಹೆಂಚಿನ ಫ್ಯಾಕ್ಟರಿ ಇತ್ತು. ಆರ್‌ಸಿಸಿ ಮನೆಗಳು ಬಂದ ಮೇಲೆ ಹೆಂಚು ಕೇಳುವವರು ಕಡಿಮೆಯಾದರು. ಗೂಡು ಆರಿತು, 5,000 ಚದರಡಿಯ ಶೆಡ್ ಉಳಿಯಿತು. ಎಲ್ಲ ವ್ಯವಹಾರಕ್ಕೂ ಸೇರಿ ಕೋಲಾರದಲ್ಲಿ ಒಂದು ಆಫೀಸ್: ಬಾಡಿಗೆ, ಮ್ಯಾನೇಜರ್, ಅಕೌಂಟೆಂಟ್, ಆಡಿಟರ್ ಫೀಸ್, ಕಾರು ಎಲ್ಲ ಸೇರಿ ವರ್ಷಕ್ಕೆ 36 ಲಕ್ಷ.

ಮಾಲೂರಿನ ಶೆಡ್ಡಿನಲ್ಲಿ ತಿರುಳಿನ ಘಟಕ ಹಾಕುವುದು ತಮ್ಮನ ಆಲೋಚನೆ. ಹಣ್ಣು ತೊಳೆಯುವ ಯಂತ್ರ, ಪಲ್ಪರ್, ಬಾಯ್ಲರ್, ಡಬ್ಬಿಗೆ ಮುಚ್ಚಳ ಬಿಗಿಯುವ ಯಂತ್ರ ಸೇರಿ 80 ಲಕ್ಷ. ಹಣ್ಣು ಮತ್ತು ಡಬ್ಬಿ ಕೊಳ್ಳಲು ಕೈಯಲ್ಲಿ ಓಡಾಡಬೇಕಾದ ಹಣ 15 ಲಕ್ಷ. ಸೀಸನ್ನಿಗೆ 600 ಟನ್ ಹಣ್ಣು ಅರೆಯುವುದು, ಅದರಲ್ಲಿ 150 ಟನ್ ತೋಟದ್ದು, 450 ಟನ್ ಮಂಡಿಯಿಂದ ಕೊಂಡದ್ದು. ಸಿಪ್ಪೆ ಓಟೆ ಕಳೆದರೆ ಅರ್ಧದಷ್ಟು, ಅಂದರೆ 300 ಟನ್ ತಿರುಳು ಸಿಗುತ್ತದೆ. ಕೆಜಿಗೆ 50 ರೂಪಾಯಿಯಂತೆ 150 ಲಕ್ಷ ಬರುತ್ತದೆ. ಕೊಂಡ ಹಣ್ಣಿಗೆ ಕೆಜಿಗೆ 12ರಂತೆ 54 ಲಕ್ಷ. ಡಬ್ಬಿ, ಸೌದೆ, ಕರೆಂಟ್, ಕೂಲಿ, ಹಣ್ಣನ್ನು ಮಾಲೂರಿಗೆ ಸಾಗಿಸುವುದು ಎಲ್ಲ ಸೇರಿ ತಿರುಳಿನ ಕೆಜಿಗೆ 20ರಂತೆ 60 ಲಕ್ಷ. ಉಳಿಯುವುದು 36 ಲಕ್ಷ. ಐದು ವರ್ಷ ನಡೆಸಿ, ಆಮೇಲೆ ಯಂತ್ರ ಮಾರಿದರೆ 10 ಲಕ್ಷ ಬರುತ್ತದೆ, ಓಡಾಡುತ್ತಿದ್ದ 15 ಲಕ್ಷವೂ ಕೈಗೆ ವಾಪಸ್ ಬರುತ್ತದೆ. ತೆರಿಗೆಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಕುಟುಂಬದ ಅಕೌಂಟೆಂಟ್ ಶಿಸ್ತಿನ ಮನುಷ್ಯ. ಅವರು ಹೀಗೆ ಬರೆಯುತ್ತಾರೆ. ಯೋಜನಾ ವರದಿ ಮತ್ತು ನೀರಿನ ಪರೀಕ್ಷೆಗೆ ಆಗಲೇ 3 ಲಕ್ಷ, ಶೆಡ್ಡಿನ ಪಕ್ಕ ಕೊರೆಸಿದ ಬೋರ್‌ವೆಲ್ಲಿಗೆ 6 ಲಕ್ಷ ಖರ್ಚಾಗಿದೆ. ಅದನ್ನೂ ಸೇರಿಸಿದರೆ ಬಂಡವಾಳ 104 ಲಕ್ಷ. ಶೆಡ್ ಸ್ವಂತದ್ದು, ಅದಕ್ಕೆ ಸೊನ್ನೆ. ತೋಟದ ಹಣ್ಣು ಸ್ವಂತದ್ದು, ಅದಕ್ಕೂ ಸೊನ್ನೆ. ಆಫೀಸ್ ಖರ್ಚನ್ನು ವಹಿವಾಟಿನ ಲೆಕ್ಕದಲ್ಲಿ ಹಂಚಬೇಕು. ಈಗಿನ ವಹಿವಾಟು 450 ಲಕ್ಷ, ಹೊಸದು 150 ಲಕ್ಷ, ಹಾಗಾಗಿ 36 ಲಕ್ಷದ ಕಾಲು ಭಾಗ 9 ಲಕ್ಷ ತಿರುಳಿನ ಘಟಕದ ಪಾಲು. ವರ್ಷಕ್ಕೆ ಉಳಿಯುವುದು 27 ಲಕ್ಷ. ಕುಟುಂಬದ ಹಣಕ್ಕೆ ಬೇರೆಡೆ ಶೇ 12 ಸಿಗುತ್ತದೆಂದು ಹಿಡಿದರೆ, ಐದು ವರ್ಷ ಬರುವ ತಲಾ ಒಂದು ರೂಪಾಯಿಯ ಇಂದಿನ ಬೆಲೆ ಒಟ್ಟು 3.605 ರೂಪಾಯಿ. ಐದನೇ ವರ್ಷದ ಕೊನೆಗೆ ಬರುವ ಒಂದು ರೂಪಾಯಿಯ ಇಂದಿನ ಬೆಲೆ 56.7 ಪೈಸೆ. 27 ಲಕ್ಷಕ್ಕೆ 97.3, ಕೊನೆಗೆ ವಾಪಸಾಗುವ 25 ಲಕ್ಷಕ್ಕೆ 14.2, ಒಟ್ಟು 111.5 ಲಕ್ಷ. 104 ಕಳೆದರೆ ಏಳೂವರೆ ಲಕ್ಷ ಲಾಭ. ‘ತುಂಬಾ ಇಲ್ಲ, ಆದರೆ ಪರವಾಗಿಲ್ಲ, ಮಾಡಬಹುದು’ ಎಂದು ಅಕೌಂಟೆಂಟ್ ಹೇಳುತ್ತಾರೆ.

ಈ ಹಾಳೆಯನ್ನು ಒಂದೊಂದೇ ಸಾಲಾಗಿ ಬಿಚ್ಚೋಣ.

ಮೊದಲು ವರದಿ, ಪರೀಕ್ಷೆ ಮತ್ತು ಬೋರ್‌ವೆಲ್ಲಿಗೆ ಆಗಲೇ ಹೋದ 9 ಲಕ್ಷ. ತಮ್ಮನ ಬಾಯಲ್ಲಿ ಅದು ಹೀಗೆ ಬರುತ್ತದೆ: ‘ಅಣ್ಣಾ, ಸಾವಿರದ ಮುನ್ನೂರು ಅಡಿ ಕೊರೆಸಿದ್ದೀವಿ. ಈಗ ಬಿಟ್ಟರೆ ಆ ದುಡ್ಡೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ.’ ಅಕೌಂಟೆಂಟ್ ಅದೇ ಹಣವನ್ನು ಯೋಜನೆಯ ಖರ್ಚೆಂದು ಬರೆಯುತ್ತಾರೆ. ಒಬ್ಬರಿಗೆ ಅದು ಮುಂದುವರಿಯಲು ಕಾರಣ, ಇನ್ನೊಬ್ಬರಿಗೆ ಮುಂದುವರಿಯದಿರಲು ಕಾರಣ. ಇಬ್ಬರದೂ ತಪ್ಪು. ಫ್ಯಾಕ್ಟರಿ ಹಾಕಿದರೂ ಆ 9 ಲಕ್ಷ ವಾಪಸ್ ಬರುವುದಿಲ್ಲ, ಹಾಕದಿದ್ದರೂ ಬರುವುದಿಲ್ಲ. ಎರಡೂ ದಾರಿಯಲ್ಲಿ ಒಂದೇ ಆಗಿರುವ ಅಂಕಿ ದಾರಿ ಆರಿಸಲು ನೆರವಾಗುವುದಿಲ್ಲ. ಹಾಳೆಯಿಂದ ಅದನ್ನು ಅಳಿಸಬೇಕು. ಬಂಡವಾಳ 95 ಲಕ್ಷ.

ಇದನ್ನು ಕೋಲಾರದವರಿಗೆ ವಿವರಿಸಲು ಚಿನ್ನದ ಗಣಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿಯ ಕಾಲದಿಂದ ಭೂಮಿ ಅಗೆದು ಅಗೆದು ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದವು, 2001ರ ಫೆಬ್ರುವರಿ 28ರಂದು ಮುಚ್ಚಿದವು. ಅಂದಿನಿಂದ ಇಂದಿನವರೆಗೆ ‘ಇಷ್ಟು ಆಳ ತೋಡಿದ ಗಣಿಯನ್ನು ಹಾಗೇ ಬಿಡುವುದೇ’ ಎಂಬ ಮಾತು ನಿಂತಿಲ್ಲ. ಆ ಮಾತಿನ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ, ಮೂರು ನಾಲ್ಕು ತಲೆಮಾರು ಅಲ್ಲಿ ಬದುಕಿದೆ. ಆದರೆ ಲೆಕ್ಕದಲ್ಲಿ ಶಾಫ್ಟ್ ತೋಡಿದ ಖರ್ಚು ಮುಗಿದ ಕಥೆ. ಗಣಿಗಿಳಿಯಬೇಕೆಂದರೆ ಮುಂದೆ ಆಗುವ ಖರ್ಚನ್ನು ಕೇಳಬೇಕು. ಸುರಂಗಗಳಲ್ಲಿ ತುಂಬಿರುವ ನೀರನ್ನು ಎತ್ತಿ ಹಾಕಲು ಎಷ್ಟು, ಮೂರು ಕಿಲೋಮೀಟರ್ ಕೆಳಗೆ ಗಾಳಿ ತಂಪು ಒದಗಿಸಲು ಎಷ್ಟು, ಒಂದು ಟನ್ ಅದಿರಿಗೆ ಎಷ್ಟು ಚಿನ್ನ?

ಮೇಲೆ ಬಿದ್ದಿರುವ ಸೈನೈಡ್ ದಿಬ್ಬಗಳ ಕಥೆ ಬೇರೆ. ಅದಿರನ್ನು ಪುಡಿ ಮಾಡಿ, ಚಿನ್ನ ತೆಗೆದು, ಉಳಿದದ್ದನ್ನು ಸುರಿದು ಆದ ಗುಡ್ಡಗಳವು, ಮೂರು ಕೋಟಿ ಟನ್ನಿಗೂ ಹೆಚ್ಚು. ಹಳೆಯ ವಿಧಾನದಲ್ಲಿ ಸಿಗದೆ ಉಳಿದ ಚಿನ್ನ ಅದರಲ್ಲಿ ಇನ್ನೂ ಸ್ವಲ್ಪ ಸ್ವಲ್ಪ ಇದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸಾವಿರ ಎಕರೆಯಷ್ಟು ಜಾಗದ 13 ದಿಬ್ಬಗಳಲ್ಲಿ ಮೇಲ್ಮೈ ಗಣಿಗಾರಿಕೆಗೆ ಒಪ್ಪಿತು. ಟನ್ನಿಗೆ ಸಿಗುವ ಚಿನ್ನ ಭೂಮಿಯೊಳಗಿನ ಅದಿರಿಗಿಂತ ಎಷ್ಟೋ ಕಡಿಮೆ, ಆದರೂ ಯೋಜನೆಗೆ ಅರ್ಥವಿರುವುದು ಹೇಗೆ? ಆ ಮರಳನ್ನು ಭೂಮಿಯ ಆಳದಿಂದ ಎತ್ತಿ, ಗಿರಣಿಯಲ್ಲಿ ಅರೆಯುವ ದುಬಾರಿ ಕೆಲಸಕ್ಕೆ ಹಣ ಕೊಟ್ಟವರು ಹಿಂದಿನ ಕಾಲದವರು. ಈಗಿನ ಲೆಕ್ಕದಲ್ಲಿ ಉಳಿಯುವುದು ಮರಳು ತುಂಬುವುದು, ಮತ್ತೆ ಸಂಸ್ಕರಿಸುವುದು, ನೀರು, ಉಳಿದ ಮರಳನ್ನು ಸುರಕ್ಷಿತವಾಗಿ ಇಡುವುದು. ಇಲ್ಲೊಂದು ಸೂಕ್ಷ್ಮವಿದೆ. ಬೇಸಿಗೆ ಗಾಳಿಗೆ ಆ ದಿಬ್ಬಗಳಿಂದ ಏಳುವ ದೂಳನ್ನು ತಡೆಯಲು ಸರ್ಕಾರ ಹೇಗಿದ್ದರೂ ಖರ್ಚು ಮಾಡಲೇಬೇಕಿದ್ದು, ದಿಬ್ಬ ತೆಗೆದರೆ ಆ ಖರ್ಚು ತಪ್ಪುವುದಾದರೆ, ತಪ್ಪಿದ ಖರ್ಚು ಯೋಜನೆಯ ಆದಾಯಕ್ಕೆ ಸೇರಬೇಕು. ದಿಬ್ಬ ತೆಗೆದ ಮೇಲೂ ಅದೇ ಖರ್ಚು ಉಳಿಯುವುದಾದರೆ ಅದು ಲೆಕ್ಕಕ್ಕೇ ಬರಬಾರದು.

ಮಾಲೂರಿಗೆ ಬರೋಣ. ಶೆಡ್ ಕಟ್ಟಲು ಅಪ್ಪ ಹಾಕಿದ ಹಣ ಬೋರ್‌ವೆಲ್ಲಿನ ಹಣದಂತೆಯೇ ಮುಗಿದದ್ದು. ಅಷ್ಟಕ್ಕೆ ನಿಲ್ಲಿಸಿದರೆ ದೊಡ್ಡ ತಪ್ಪಾಗುತ್ತದೆ. ಕಟ್ಟಿದ ಖರ್ಚು ಮುಗಿದಿದೆ, ಶೆಡ್ ಮುಗಿದಿಲ್ಲ. ಬೆಂಗಳೂರು, ಹೊಸಕೋಟೆ, ಹೊಸೂರಿಗೆ ಹತ್ತಿರವಾದ ಮಾಲೂರಿನಲ್ಲಿ ಗೋದಾಮು ಕೇಳುವವರಿದ್ದಾರೆ. ಚದರಡಿಗೆ ತಿಂಗಳಿಗೆ 12 ರೂಪಾಯಿ ಕೊಡಲು ಒಬ್ಬರು ಸಿದ್ಧರಿದ್ದರೆ ವರ್ಷಕ್ಕೆ 7.2 ಲಕ್ಷ. ತಿರುಳಿನ ಯಂತ್ರ ಒಳಗೆ ಬಂದ ದಿನ ಆ ಬಾಡಿಗೆ ಹೊರಗೆ ಹೋಗುತ್ತದೆ. ಯಾರಿಗೂ ಚೆಕ್ ಬರೆದುಕೊಡುವುದಿಲ್ಲವಾದ್ದರಿಂದ ಅಕೌಂಟೆಂಟರ ಪುಸ್ತಕದಲ್ಲಿ ಇದು ಕಾಣುವುದೇ ಇಲ್ಲ. ಪುಸ್ತಕ ಬರೆಯುವುದು ನಡೆದದ್ದನ್ನು. ಬಾರದೆ ಹೋದ ಬಾಡಿಗೆಗೆ ರಸೀದಿ ಯಾರೂ ಹರಿಯುವುದಿಲ್ಲ.

ಹಾಗೆಂದು ಬಾಯಿಗೆ ಬಂದ ಬಾಡಿಗೆಯನ್ನೆಲ್ಲ ಬರೆಯಲಾಗದು. ‘ನರಸಾಪುರದಲ್ಲಿ ಚದರಡಿಗೆ ಇಷ್ಟಂತೆ’ ಎಂಬ ಸುದ್ದಿಯಿಂದ ಹಳೆಯ ಹೆಂಚಿನ ಶೆಡ್ಡಿಗೆ ಬೆಲೆ ಕಟ್ಟಬಾರದು. ಆ ಶೆಡ್ಡಿಗೆ, ಆ ರಸ್ತೆಯಲ್ಲಿ, ನಿಜವಾಗಿ ಬರುವ ಬಾಡಿಗೆದಾರ ಕೊಡುವ ಬೆಲೆ ಮಾತ್ರ ಲೆಕ್ಕ. ಲಾರಿ ತಿರುಗಲು ಜಾಗವಿಲ್ಲದೆ ಹತ್ತು ವರ್ಷದಿಂದ ಖಾಲಿ ಬಿದ್ದ ಶೆಡ್ಡಾದರೆ, ಮುಂದೆಯೂ ಖಾಲಿಯೇ ಬೀಳುವುದಾದರೆ, ಅದರ ಅವಕಾಶ ವೆಚ್ಚ ಸೊನ್ನೆ. ಎಂಜಿನಿಯರ್ ಕೊಡುವ ಮೌಲ್ಯಮಾಪನ ಪತ್ರದಲ್ಲಿ 60 ಲಕ್ಷ ಎಂದು ಬರೆದಿದ್ದರೂ ಸೊನ್ನೆಯೇ. ಎಸ್ಟೇಟ್ ಏಜೆಂಟರ ಜೊತೆ ಕಾಲು ಗಂಟೆ ಮಾತಾಡಿ ತಿಳಿಯುವ ವಿಷಯವಿದು. ಆ ಕಾಲು ಗಂಟೆ ಹೆಚ್ಚಿನ ಯೋಜನಾ ವರದಿಗಳಲ್ಲಿ ಕಾಣುವುದಿಲ್ಲ.

ಇನ್ನು ತೋಟದ ಹಣ್ಣು. ನನ್ನ ಪ್ರಕಾರ ಇಡೀ ಲೆಕ್ಕದ ಜೀವ ಇಲ್ಲಿದೆ. ‘ನಮ್ಮ ತೋಟದ್ದೇ ಅಲ್ಲವಾ, ಅದಕ್ಕೇನು ದುಡ್ಡು’ ಎನ್ನುವುದು ಒಂದು ತಪ್ಪು. ‘ಗೊಬ್ಬರ, ಔಷಧಿ, ಉಳುಮೆ, ಕಾವಲು ಸೇರಿಸಿ ಬೆಳೆಯಲು ಆದ ಖರ್ಚು ಹಾಕೋಣ’ ಎನ್ನುವುದು ಇನ್ನೊಂದು ತಪ್ಪು, ನೋಡಲು ಬುದ್ಧಿವಂತಿಕೆಯಂತೆ ಕಾಣುವ ತಪ್ಪು. ಫ್ಯಾಕ್ಟರಿ ಬಂದರೂ ಬರದಿದ್ದರೂ ಅಣ್ಣ ತೋಟ ಉಳುತ್ತಾನೆ, ಔಷಧಿ ಹೊಡೆಸುತ್ತಾನೆ. ಆ ಖರ್ಚು ಎರಡೂ ದಾರಿಯಲ್ಲಿ ಒಂದೇ. ಬದಲಾಗುವುದು ಹಣ್ಣು ಹೋಗುವ ಜಾಗ. ಮಂಡಿಗೆ ಹೋಗಿದ್ದರೆ ಕೆಜಿಗೆ 12 ಸಿಗುತ್ತಿತ್ತು, ಸಾಗಣೆ ಮತ್ತು ಕಮಿಷನ್ನಿಗೆ 2 ಹೋಗುತ್ತಿತ್ತು, ಕೈಗೆ 10 ಬರುತ್ತಿತ್ತು. ಕೊಯ್ಲಿನ ಕೂಲಿ ಎರಡೂ ಕಡೆ ಇದೆ, ಅದನ್ನು ಮುಟ್ಟುವುದು ಬೇಡ. 150 ಟನ್ನಿಗೆ 15 ಲಕ್ಷ. ತಿರುಳಿನ ಘಟಕ ಅಣ್ಣನ ಜೇಬಿನಿಂದ ಪ್ರತಿವರ್ಷ ತೆಗೆದುಕೊಳ್ಳುವ ಹಣ ಇದು. ಅಣ್ಣತಮ್ಮಂದಿರ ನಡುವೆ ಮುಂದೆ ಜಗಳ ಬಂದರೆ ಬರುವುದು ಇದೇ ಸಾಲಿನಿಂದ. ‘ಫ್ಯಾಕ್ಟರಿ ಲಾಭ ಮಾಡ್ತಿದೆ’ ಎಂದು ತಮ್ಮ ಹೇಳುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಣ್ಣನ ತೋಟದ ಲಾಭವೇ ಆಗಿರುತ್ತದೆ.

ಬೆಲೆ ಕೆಟ್ಟ ವರ್ಷದಲ್ಲಿ ಇದೇ ಸಾಲು ತಲೆಕೆಳಗಾಗುತ್ತದೆ. ಮಂಡಿಯಲ್ಲಿ ತೋತಾಪುರಿ ಕೆಜಿಗೆ 3 ರೂಪಾಯಿಗೆ ಬಿತ್ತೆನ್ನಿ. ಕೊಯ್ಯಲು ಒಂದೂವರೆ, ಸಾಗಣೆ ಕಮಿಷನ್ನಿಗೆ 2. ಕಿತ್ತು ಮಾರಿದರೆ ಕೆಜಿಗೆ ಐವತ್ತು ಪೈಸೆ ಕೈಯಿಂದ ಹೋಗುತ್ತದೆ, ಮರದಲ್ಲೇ ಬಿಡುವುದು ಮೇಲು. ಕೋಲಾರದ ಎಪಿಎಂಸಿ ನೋಡಿದವರಿಗೆ ಈ ಲೆಕ್ಕ ಗೊತ್ತಿದೆ. 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ಕಂಡವರೇ, ಬೆಲೆ ಬಿದ್ದ ವರ್ಷ ಗಿಡದಲ್ಲೇ ಹಣ್ಣು ಬಿಟ್ಟವರನ್ನೂ ಕಂಡಿದ್ದಾರೆ. ಪೇಟೆಯವರು ಅದನ್ನು ಸಿಟ್ಟು, ಹತಾಶೆ ಎಂದು ಬರೆಯುತ್ತಾರೆ. ಸಿಟ್ಟೂ ಇರಬಹುದು. ಆದರೆ ಸಸಿ, ಕೋಲು, ಔಷಧಿಗೆ ಸುರಿದದ್ದನ್ನು ಮರೆತು, ಇವತ್ತು ಕೀಳುವ ಕೂಲಿ, ಬಾಕ್ಸ್ ಬಾಡಿಗೆ, ಲಾರಿ, ಕಮಿಷನ್ ಒಂದು ಕಡೆ, ಇವತ್ತಿನ ಬೆಲೆ ಇನ್ನೊಂದು ಕಡೆ ಇಟ್ಟು ನೋಡಿದ ರೈತ, ಬಿಸಿನೆಸ್ ಶಾಲೆಯಲ್ಲಿ ಎರಡು ವರ್ಷ ಕಲಿಸುವ ಪಾಠವನ್ನು ಹೊಲದ ಬದುವಿನಲ್ಲೇ ಮಾಡಿ ಮುಗಿಸಿರುತ್ತಾನೆ.

ಅಂಥ ವರ್ಷದಲ್ಲಿ ಅಣ್ಣನ ಹಣ್ಣಿನ ಅವಕಾಶ ವೆಚ್ಚ ಸೊನ್ನೆಗಿಳಿಯುತ್ತದೆ. ಆದರೆ ಹೊಸದೊಂದು ಖರ್ಚು ಹುಟ್ಟುತ್ತದೆ. ಫ್ಯಾಕ್ಟರಿ ಇಲ್ಲದಿದ್ದರೆ ಹಣ್ಣು ಕೊಯ್ಯುತ್ತಲೇ ಇರಲಿಲ್ಲವಾದ್ದರಿಂದ, ಈಗ ಕೊಯ್ಲಿನ ಕೂಲಿ 2.25 ಲಕ್ಷ ಫ್ಯಾಕ್ಟರಿಯ ಖಾತೆಗೇ ಬರಬೇಕು. ಹೋದ ವರ್ಷ ಲೆಕ್ಕಕ್ಕೆ ಬೇಡವಾಗಿದ್ದ ಕೂಲಿ ಈ ವರ್ಷ ಬೇಕಾಯಿತು. ಸರ್ಕಾರದ ಬೆಲೆ ಕೊರತೆ ಹಣ ಮಂಡಿಗೆ ಹೋದ ಹಣ್ಣಿಗಷ್ಟೇ ಸಿಗುವುದಾದರೆ ಆ ಹಣವನ್ನೂ ಮಂಡಿ ಬೆಲೆಗೆ ಸೇರಿಸಿ ಮತ್ತೆ ಹೋಲಿಸಬೇಕು. ಆಗ ಹಣ್ಣು ಮರದಲ್ಲಿ ಉಳಿಯುವುದಿಲ್ಲ, ಅದರ ಅವಕಾಶ ವೆಚ್ಚವೂ ಸೊನ್ನೆಯಲ್ಲ.

ಹಣ್ಣು ಅಗ್ಗವಾದ ವರ್ಷ ಫ್ಯಾಕ್ಟರಿಗೆ ಹಬ್ಬ ಎಂದು ತಮ್ಮ ನಂಬಿದ್ದಾನೆ. ಕೊಂಡ ಹಣ್ಣಿಗೆ 54ರ ಬದಲು 13.5 ಲಕ್ಷ ಸಾಕಲ್ಲವೇ? ಆದರೆ ಹಣ್ಣಿನ ಬೆಲೆ ಬೀಳುವುದು ಬೆಳೆ ಹೆಚ್ಚಾಗಿದ್ದಕ್ಕೆ ಮಾತ್ರವಲ್ಲ, ಹಿಂದಿನ ವರ್ಷದ ತಿರುಳು ಗೋದಾಮಿನಲ್ಲಿ ಮಾರಾಟವಾಗದೆ ಕೂತಿದ್ದಕ್ಕೂ ಹೌದು. ಹಾಗೆ ಕೂತಾಗ ತಿರುಳಿನ ಬೆಲೆಯೂ ಇಳಿಯುತ್ತದೆ. ಅದು 50ರಿಂದ 32ಕ್ಕೆ ಇಳಿದರೆ ಆದಾಯ 96 ಲಕ್ಷ. ಸಂಸ್ಕರಣೆಗೆ 60, ಹಣ್ಣಿಗೆ 13.5, ಕೊಯ್ಲಿಗೆ 2.25, ತಪ್ಪಿದ ಬಾಡಿಗೆ 7.2, ಮುಂದೆ ಹೇಳಲಿರುವ ಒಂದೂವರೆ ಲಕ್ಷದ ಆಫೀಸ್ ಖರ್ಚು, ಇವನ್ನು ಕಳೆದರೆ 11.55 ಲಕ್ಷ ಉಳಿಯುತ್ತದೆ. ಹಬ್ಬವೇನೂ ಅಲ್ಲ.

ಆ ಆಫೀಸ್ ಖರ್ಚಿಗೆ ಬರೋಣ. ಹಂಚಿದ 9 ಲಕ್ಷ ತಿರುಳಿನ ಘಟಕದ ಮೇಲೆ ಬಿದ್ದ ದಿನ ಕೋಲಾರದ ಆಫೀಸಿನಲ್ಲಿ ಏನು ಬದಲಾಯಿತು? ಬಾಡಿಗೆ ಅಷ್ಟೇ, ಮ್ಯಾನೇಜರ್ ಸಂಬಳ ಅಷ್ಟೇ, ಕಾರು ಅದೇ. ಬದಲಾದದ್ದು ಮುಳಬಾಗಿಲಿನ ಅಂಗಡಿ ಮತ್ತು ಲಾರಿಗಳ ಲೆಕ್ಕ. ಅವುಗಳ ಮೇಲಿದ್ದ 36 ಲಕ್ಷ 27ಕ್ಕೆ ಇಳಿದು, ಒಂದು ಚೀಲ ಸಿಮೆಂಟನ್ನೂ ಹೆಚ್ಚು ಮಾರದೆ ಅಂಗಡಿಯ ಲಾಭ ಏರಿದಂತೆ ಕಾಣುತ್ತದೆ. ಹಂಚಿಕೆ ಬೆಲೆ ನಿಗದಿಗೆ ಬೇಕು, ಯಾವ ವಿಭಾಗ ಎಷ್ಟು ಹೊರುತ್ತಿದೆ ಎಂದು ತಿಳಿಯಲು ಬೇಕು, ತೆರಿಗೆಗೂ ಬೇಕಾಗಬಹುದು. ಹೊಸದನ್ನು ಮಾಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಮಾತ್ರ ಅದು ಬೇಡ. ಇಲ್ಲಿ ಕೇಳಬೇಕಾದದ್ದು, ಘಟಕ ಬಂದ ಮೇಲೆ ಆಫೀಸ್ ಖರ್ಚು 36ರಿಂದ ಎಷ್ಟಕ್ಕೆ ಹೋಗುತ್ತದೆ ಎಂದು. ಸೀಸನ್ನಿನಲ್ಲಿ ಮಂಡಿ ಬಿಲ್ಲು ನೋಡಲು ಒಬ್ಬ ಗುಮಾಸ್ತ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ವಿಮೆ, ಆಡಿಟರಿಗೆ ಸ್ವಲ್ಪ ಹೆಚ್ಚು ಫೀಸ್, ಇದಿಷ್ಟಕ್ಕೆ ಒಂದೂವರೆ ಲಕ್ಷ ಹಿಡಿದಿದ್ದೇನೆ. 37.5 ಆಗುತ್ತದೆ. ಲೆಕ್ಕಕ್ಕೆ ಬರುವುದು ಆ ಒಂದೂವರೆ ಮಾತ್ರ.

ಆದರೆ ಅಕೌಂಟೆಂಟರ ಪರವಾಗಿಯೂ ಒಂದು ಮಾತು ಹೇಳಬೇಕು. ‘ಆಫೀಸ್ ಖರ್ಚು ಹೇಗೂ ಇದೆ’ ಎಂದು ಪ್ರತಿ ಹೊಸ ಯೋಜನೆಗೂ ಹೇಳುತ್ತ ಹೋದರೆ ಮೂರನೆಯ ಯೋಜನೆ ಬರುವಷ್ಟರಲ್ಲಿ ಮ್ಯಾನೇಜರ್ ಒಬ್ಬರಿಗೆ ಕೆಲಸ ಮುಗಿಯುವುದಿಲ್ಲ, ಇನ್ನೊಬ್ಬರು ಬರುತ್ತಾರೆ, ಆಫೀಸ್ ದೊಡ್ಡದಾಗುತ್ತದೆ. ಒಂದು ವರ್ಷಕ್ಕೆ ಬದಲಾಗದ ಖರ್ಚು ಐದು ವರ್ಷದಲ್ಲಿ ಬದಲಾಗುತ್ತದೆ. ಆದ್ದರಿಂದ ಹಂಚಿಕೆಯ 9 ಲಕ್ಷವನ್ನು ಅಳಿಸಿ ಸುಮ್ಮನಾಗದೆ, ಐದೂ ವರ್ಷಕ್ಕೆ ಆಫೀಸಿನಲ್ಲಿ ಯಾವ ಹೊಸ ಬಿಲ್ಲು ಬರುತ್ತದೆ ಎಂದು ಹೆಸರು ಹಿಡಿದು ಬರೆಯಬೇಕು. ಹೆಸರಿಲ್ಲದ ಶೇಕಡಾವಾರು ಅಂಕಿ ಕಂಡರೆ ಅದು ಹಂಚಿಕೆಯ ಅಂಕಿ ಎಂದು ತಿಳಿಯಬಹುದು.

ಹಂಚಿಕೆಯ ತಪ್ಪು ಇನ್ನೊಂದು ದಿಕ್ಕಿನಲ್ಲೂ ಕೊಲ್ಲುತ್ತದೆ. ಹಲವು ಶಾಫ್ಟ್‌ಗಳ ಗಣಿಯನ್ನೇ ನೋಡಿ. ನೀರೆತ್ತುವುದು, ಆಸ್ಪತ್ರೆ, ವಸತಿ ಇವುಗಳ ಖರ್ಚನ್ನು ಎಲ್ಲ ಶಾಫ್ಟ್‌ಗಳ ಚಿನ್ನದ ಮೇಲೂ ಹಂಚಿದ್ದರೆ, ಆ ಪಾಲಿನಿಂದಾಗಿ ಒಂದು ಶಾಫ್ಟ್ ನಷ್ಟದಲ್ಲಿ ಕಾಣುತ್ತದೆ. ಅದನ್ನು ಮುಚ್ಚಿದರೆ ಹಂಚಿದ ಖರ್ಚು ಅದರ ಜೊತೆ ಹೋಗುವುದಿಲ್ಲ, ಉಳಿದ ಶಾಫ್ಟ್‌ಗಳ ಮೇಲೆ ಬೀಳುತ್ತದೆ, ಮುಂದಿನ ವರ್ಷ ಇನ್ನೊಂದು ನಷ್ಟದಲ್ಲಿ ಕಾಣುತ್ತದೆ. ಅಂಗಡಿಯ ಶಾಖೆ, ಬಸ್ಸಿನ ರೂಟು, ಹಾಲಿನ ಸಂಗ್ರಹ ಕೇಂದ್ರ ಮುಚ್ಚುವಾಗಲೂ ಇದೇ ನಡೆಯುತ್ತದೆ.

ಈಗ ಸರಿಯಾದ ಹಾಳೆ. ಅದಕ್ಕೆ ನಾನು ಸೂಚಿಸುವ ವಿಧಾನ ಒಂದೇ: ಘಟಕದ ಲೆಕ್ಕ ಬರೆಯಬೇಡಿ, ಇಡೀ ಕುಟುಂಬದ ಲೆಕ್ಕವನ್ನು ಎರಡು ಸಲ ಬರೆಯಿರಿ. ಅಂಗಡಿ ಮತ್ತು ಲಾರಿಯ ಆದಾಯ, ತೋಟದ ಉಳುಮೆಯ ಖರ್ಚು ಎರಡು ಹಾಳೆಯಲ್ಲೂ ಒಂದೇ ಆದ್ದರಿಂದ ಬಿಟ್ಟಿದ್ದೇನೆ. ಫ್ಯಾಕ್ಟರಿ ಇಲ್ಲದ ಹಾಳೆಯಲ್ಲಿ ಮಂಡಿಯಿಂದ 15, ಶೆಡ್ ಬಾಡಿಗೆ 7.2, ಒಟ್ಟು 22.2 ಲಕ್ಷ ಬರುತ್ತದೆ, ಆಫೀಸಿಗೆ 36 ಹೋಗುತ್ತದೆ. ಫ್ಯಾಕ್ಟರಿ ಇರುವ ಹಾಳೆಯಲ್ಲಿ ತಿರುಳಿನಿಂದ 36 ಬರುತ್ತದೆ, ಆಫೀಸಿಗೆ 37.5 ಹೋಗುತ್ತದೆ. ಮೊದಲನೆಯದು 13.8 ಲಕ್ಷ ಕೊರತೆ, ಎರಡನೆಯದು ಒಂದೂವರೆ ಲಕ್ಷ ಕೊರತೆ. ವ್ಯತ್ಯಾಸ 12.3 ಲಕ್ಷ. ಫ್ಯಾಕ್ಟರಿಯಿಂದಾಗಿ ಕುಟುಂಬಕ್ಕೆ ವರ್ಷಕ್ಕೆ ಹೆಚ್ಚಾಗಿ ಬರುವ ನಗದು ಅಷ್ಟೇ, 27 ಅಲ್ಲ. ಹೀಗೆ ಎರಡು ಹಾಳೆ ಬರೆದರೆ ಮುಗಿದ ಖರ್ಚು, ತಪ್ಪಿದ ಆದಾಯ, ಹಂಚಿದ ಖರ್ಚು ಎಂಬ ಹೆಸರುಗಳನ್ನು ನೆನಪಿಡುವ ತೊಂದರೆಯೂ ಇಲ್ಲ. ಎರಡರಲ್ಲೂ ಇದ್ದದ್ದು ತಾನಾಗಿ ಬಿದ್ದುಹೋಗುತ್ತದೆ, ಒಂದರಲ್ಲಷ್ಟೇ ಇದ್ದದ್ದು ತಾನಾಗಿ ಉಳಿಯುತ್ತದೆ.

12.3 ಲಕ್ಷಕ್ಕೆ ಇಂದಿನ ಬೆಲೆ 44.3. ಕೊನೆಯಲ್ಲಿ ಬರುವ ಹಣಕ್ಕೆ 14.2. ಒಟ್ಟು 58.5 ಲಕ್ಷ. ಹಾಕುವುದು 95 ಲಕ್ಷ. 36.5 ಲಕ್ಷ ನಷ್ಟ. ಬ್ಯಾಂಕ್ ಬಡ್ಡಿಯನ್ನು ಎಲ್ಲೂ ಕಳೆದಿಲ್ಲ ಎಂದು ಯಾರಾದರೂ ಕೇಳಬಹುದು. ಶೇ 12ರಲ್ಲಿ ಇಂದಿನ ಬೆಲೆಗೆ ಇಳಿಸುವಾಗಲೇ ಹಣದ ಬೆಲೆ ಕಳೆದಿದೆ, ಮತ್ತೆ ಬಡ್ಡಿ ಕಳೆದರೆ ಒಂದೇ ಖರ್ಚನ್ನು ಎರಡು ಸಲ ಕೊಟ್ಟಂತೆ. ಸವಕಳಿಯೂ ಹಾಗೆಯೇ. ಯಂತ್ರದ ಹಣವನ್ನು ಮೊದಲ ದಿನವೇ ಪೂರ್ತಿ ಕಳೆದಾಗಿದೆ.

ಅಕೌಂಟೆಂಟರ ಏಳೂವರೆ ಲಕ್ಷ ಲಾಭದಿಂದ ಇಲ್ಲಿಗೆ ಬಂದ ದಾರಿ ನೋಡಿ. ಬೋರ್‌ವೆಲ್ ಮತ್ತು ವರದಿಯ ಹಣ ಅಳಿಸಿದ್ದರಿಂದ 9 ಲಕ್ಷ ಅನುಕೂಲವಾಯಿತು. ಹಂಚಿದ 9ರ ಬದಲು ನಿಜವಾದ ಒಂದೂವರೆ ಹಾಕಿದ್ದರಿಂದ ಐದು ವರ್ಷಕ್ಕೆ 27 ಲಕ್ಷದಷ್ಟು ಅನುಕೂಲವಾಯಿತು. ತೋಟದ ಹಣ್ಣು ಮತ್ತು ಶೆಡ್ಡನ್ನು ಪುಕ್ಕಟೆ ಎಂದುಕೊಂಡದ್ದನ್ನು ತಿದ್ದಿದ್ದರಿಂದ 80 ಲಕ್ಷ ಕಡಿತವಾಯಿತು. ಮೊದಲ ಎರಡನ್ನು ಮಾತ್ರ ಕಲಿತು ಮೂರನೆಯದನ್ನು ಬಿಟ್ಟವರಿದ್ದಾರಲ್ಲ, ಅವರೇ ಹೆಚ್ಚು ಅಪಾಯಕಾರಿ. ಅವರ ಹಾಳೆ 43.5 ಲಕ್ಷ ಲಾಭ ತೋರಿಸುತ್ತದೆ.

ತಮ್ಮ ಇಷ್ಟಕ್ಕೆ ಸೋಲುವವನಲ್ಲ. ‘ಅಣ್ಣಾ, ಆ ಬಾಡಿಗೆದಾರ ಎಲ್ಲಿ ಬರ್ತಾನೆ? ಶೆಡ್ ಖಾಲಿಯೇ ಬಿದ್ದಿರುತ್ತೆ’ ಎನ್ನುತ್ತಾನೆ. ಆ ಮಾತು ನಿಜವಾದರೆ 7.2 ಲಕ್ಷ ಹಾಳೆಯಿಂದ ಹೋಗುತ್ತದೆ, ವರ್ಷಕ್ಕೆ 19.5 ಆಗುತ್ತದೆ, ನಷ್ಟ 10.5 ಲಕ್ಷಕ್ಕೆ ಇಳಿಯುತ್ತದೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಬ್ಯಾಂಕ್ ಸಾಲದ ಜೊತೆ ಶೇ 35ರಷ್ಟು, ಹೆಚ್ಚೆಂದರೆ 10 ಲಕ್ಷ ಸಹಾಯಧನ ಇಟ್ಟಿದೆ. ಘಟಕ ಹಾಕಿದರೆ ಮಾತ್ರ ಬರುವ ಹಣವಾದ್ದರಿಂದ ಅದು ಹಾಳೆಗೆ ಬರಬೇಕಾದದ್ದೇ. ಮೊದಲ ದಿನವೇ ಪೂರ್ತಿ 10 ಲಕ್ಷ ಬಂತೆಂದುಕೊಂಡರೂ ಅರ್ಧ ಲಕ್ಷ ಕೊರತೆ ಉಳಿಯುತ್ತದೆ.

ಆದ್ದರಿಂದ ನನ್ನ ತೀರ್ಪು ಇಷ್ಟು. ಶೆಡ್ಡಿಗೆ ತಿಂಗಳಿಗೆ 60 ಸಾವಿರ ಕೊಡುವವರು ನಿಜವಾಗಿ ಇದ್ದರೆ ಈ ಫ್ಯಾಕ್ಟರಿ ಬೇಡ, ಶೆಡ್ಡನ್ನು ಬಾಡಿಗೆಗೆ ಕೊಟ್ಟು ಹಣ್ಣನ್ನು ಮಂಡಿಗೆ ಕಳಿಸಲಿ. ಬಾಡಿಗೆದಾರ ಇಲ್ಲವೆಂದು ಖಚಿತವಾದರೆ, ಸಹಾಯಧನ ಮಂಜೂರಾದ ಪತ್ರ ಕೈಗೆ ಬಂದ ಮೇಲೆ, ಹಳೆಯ ಯಂತ್ರಗಳು 80ಕ್ಕಿಂತ ಕಡಿಮೆಗೆ ಸಿಗುತ್ತವೆಯೇ ಎಂದು ನೋಡಿ ಮತ್ತೊಮ್ಮೆ ಕೂತು ಮಾತಾಡಬಹುದು. ಬೋರ್‌ವೆಲ್ಲಿನ ಆರು ಲಕ್ಷವನ್ನು ಆ ಮಾತುಕತೆಯಲ್ಲಿ ಯಾರೂ ಎತ್ತಬಾರದು.